ಪಾಲಿಸಿ ಇದ್ದರೂ ಕ್ಲೇಮ್ ಸಿಗದೇ ಹೋಗುವುದೇಕೆ: ಸ್ವತಂತ್ರ ಆರ್ಕಿಟೆಕ್ಟ್, ಅಕೌಂಟೆಂಟ್‌ಗಳಿಗೆ ಪ್ರೊಫೆಷನಲ್ ಇಂಡೆಮ್ನಿಟಿ ಮತ್ತು ರೆಟ್ರೊ ದಿನಾಂಕದ ಸಮಗ್ರ ಮಾರ್ಗದರ್ಶಿ

ಸ್ವತಂತ್ರವಾಗಿ ಕೆಲಸ ಮಾಡುವ ಆರ್ಕಿಟೆಕ್ಟ್‌ಗಳು, ಅಕೌಂಟೆಂಟ್‌ಗಳು, ತಮ್ಮ ಕೆಲಸದ ತಪ್ಪಿನಿಂದ ಕ್ಲೈಂಟ್‌ಗೆ ಆದ ನಷ್ಟದ ಹೊಣೆ ಹೊರುವ ಪ್ರೊಫೆಷನಲ್ ಇಂಡೆಮ್ನಿಟಿ ಪಾಲಿಸಿಯ ವಿಷಯದಲ್ಲಿ ಎಡವುವುದು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ. ವರ್ಷ ತಪ್ಪದೆ ಪ್ರೀಮಿಯಂ ಕಟ್ಟಿರುತ್ತಾರೆ. ಕೆಲಸ ಮಾಡಿದ ದಿನವೂ ಪಾಲಿಸಿ ಇತ್ತು, ಲೀಗಲ್ ನೋಟಿಸ್ ಬಂದ ದಿನವೂ ಇತ್ತು. ಆದರೂ ವಿಮಾ ಕಂಪನಿ ಈ ಕ್ಲೇಮ್ ನಮಗೆ ಸೇರಿದ್ದಲ್ಲ ಅನ್ನುತ್ತದೆ. ವಿಚಾರಿಸಿದರೆ ನಡುವೆ ಎಲ್ಲೋ ಕಂಪನಿ ಬದಲಾಗಿರುತ್ತದೆ, ಬದಲಾಯಿಸುವಾಗ ಕಂತಿನ ಮೊತ್ತ ನೋಡಿದವರು ದಿನಾಂಕಗಳನ್ನು ನೋಡಿರುವುದಿಲ್ಲ.

ಹಾಗಾಗಿ ಇಲ್ಲಿ ಪಾಲಿಸಿಯ ಪ್ರತಿ ಷರತ್ತನ್ನೂ ವಿವರಿಸಲು ಹೊರಟಿಲ್ಲ. ದಿನಾಂಕಗಳನ್ನು ಹೇಗೆ ಓದಬೇಕು, ಯಾವ ಕ್ರಮದಲ್ಲಿ ಏನು ಮಾಡಬೇಕು ಎಂಬುದಷ್ಟೇ ವಿಷಯ. ಪ್ರತಿ ಕಂಪನಿಯ ಪಾಲಿಸಿಯ ಮಾತುಗಳು ಸ್ವಲ್ಪ ಬೇರೆ ಇರುತ್ತವೆ. ಕೆಳಗೆ ಹೇಳಿದ ಪ್ರತಿ ಅಂಶವನ್ನೂ ನಿಮ್ಮ ಪಾಲಿಸಿಯ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡೇ ಓದಿ.

## ಕ್ಲೇಮ್ಸ್ ಮೇಡ್ ಪಾಲಿಸಿ ನಡೆಯುವ ರೀತಿ

ವಾಹನ ವಿಮೆಯಲ್ಲಿ ಅಪಘಾತ ನಡೆದ ದಿನ ಯಾವ ಪಾಲಿಸಿ ಚಾಲ್ತಿಯಲ್ಲಿತ್ತೋ ಅದೇ ಹಣ ಕೊಡುತ್ತದೆ. ಪ್ರೊಫೆಷನಲ್ ಇಂಡೆಮ್ನಿಟಿ ಹಾಗಲ್ಲ. ನಕ್ಷೆ ಕೊಟ್ಟ ದಿನ ಅಥವಾ ಲೆಕ್ಕಪತ್ರಕ್ಕೆ ಸಹಿ ಹಾಕಿದ ದಿನ ಇದ್ದ ಪಾಲಿಸಿಗೆ ಇಲ್ಲಿ ಕೆಲಸವಿಲ್ಲ. ನಿಮ್ಮ ವಿರುದ್ಧ ಪರಿಹಾರದ ಬೇಡಿಕೆ ಮೊದಲ ಬಾರಿ ಬಂದ ದಿನ ಯಾವ ಪಾಲಿಸಿ ಚಾಲ್ತಿಯಲ್ಲಿದೆಯೋ ಅದು ಉತ್ತರ ಕೊಡಬೇಕು. ಕ್ಲೇಮ್ಸ್ ಮೇಡ್ ಅಂದರೆ ಇಷ್ಟೇ. ಹಲವು ಪಾಲಿಸಿಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬೇಡಿಕೆ ಬಂದರೆ ಸಾಲದು, ಅದೇ ಅವಧಿಯೊಳಗೆ ಅಥವಾ ಅವಧಿ ಮುಗಿದ ಕೆಲವೇ ದಿನಗಳೊಳಗೆ ನಮಗೆ ತಿಳಿಸಿಯೂ ಇರಬೇಕು ಎನ್ನುತ್ತವೆ.

ಇಷ್ಟೇ ಆಗಿದ್ದರೆ ಇಂದು ಪಾಲಿಸಿ ಕೊಂಡವನಿಗೆ ಹತ್ತು ವರ್ಷ ಹಿಂದಿನ ತಪ್ಪಿಗೂ ಕವರ್ ಸಿಗುತ್ತಿತ್ತು. ಅದಕ್ಕೆ ಕಂಪನಿ ಹಾಕುವ ಗಡಿಯೇ ರೆಟ್ರೊಆಕ್ಟಿವ್ ಡೇಟ್, ಆಡುಮಾತಿನಲ್ಲಿ ರೆಟ್ರೊ ದಿನಾಂಕ. ತಪ್ಪು ನಡೆದದ್ದು ಆ ದಿನ ಅಥವಾ ಅದರ ನಂತರ ಆಗಿರಬೇಕು. ಅದಕ್ಕಿಂತ ಹಿಂದಿನ ಕೆಲಸಕ್ಕೆ, ಬೇಡಿಕೆ ಇಂದೇ ಬಂದರೂ, ಕವರ್ ಇಲ್ಲ.

ಮೂರನೆಯದು ಒಂದಿದೆ, ಅದನ್ನು ಹೆಚ್ಚಿನವರು ಕಡೆಗಣಿಸುತ್ತಾರೆ. ಪಾಲಿಸಿ ಶುರುವಾಗುವ ಮೊದಲೇ ನಿಮಗೆ ಗೊತ್ತಿದ್ದ ತಕರಾರನ್ನು ಆ ಪಾಲಿಸಿ ಹೊರಗಿಡುತ್ತದೆ. ಹಾಗಾಗಿ ಯಾವುದೇ ಕ್ಲೇಮನ್ನು ಈ ಮೂರು ಪ್ರಶ್ನೆಗಳ ಮೂಲಕ ಹಾಯಿಸಿ ನೋಡಬೇಕು:

1. ಬೇಡಿಕೆ ಮೊದಲು ಬಂದದ್ದು ಯಾವ ಪಾಲಿಸಿಯ ಅವಧಿಯಲ್ಲಿ?
2. ತಪ್ಪು ನಡೆದದ್ದು ಆ ಪಾಲಿಸಿಯ ರೆಟ್ರೊ ದಿನಾಂಕದ ನಂತರವೇ?
3. ಆ ಪಾಲಿಸಿ ಶುರುವಾಗುವ ಮುನ್ನ ಈ ಸಂಗತಿಯ ಸುಳಿವು ನಿಮಗಿತ್ತೇ?

## ಒಂದು ಪ್ರಕರಣ, ದಿನಾಂಕಗಳ ಸಮೇತ

ಇದು ಲೆಕ್ಕಕ್ಕಾಗಿ ಕಟ್ಟಿದ ಉದಾಹರಣೆ. ಒಬ್ಬ ಆರ್ಕಿಟೆಕ್ಟ್ 2017ರ ಏಪ್ರಿಲ್ 1ರಂದು ಸ್ವಂತ ಪ್ರಾಕ್ಟೀಸ್ ಶುರು ಮಾಡುತ್ತಾರೆ. 2019ರ ಜುಲೈ 1ರಂದು ಮೊದಲ ಪಾಲಿಸಿ ತೆಗೆದುಕೊಳ್ಳುತ್ತಾರೆ. ರೆಟ್ರೊ ದಿನಾಂಕ 2017ರ ಏಪ್ರಿಲ್ 1 ಎಂದು ಕೇಳಿ ಬರೆಸಿಕೊಂಡಿರುತ್ತಾರೆ. ಇಲ್ಲಿಯವರೆಗೆ ಎಲ್ಲ ಸರಿ. ಅದೇ ಕಂಪನಿಯಲ್ಲಿ ಪ್ರತಿ ವರ್ಷ ನವೀಕರಿಸುತ್ತಾರೆ.

2019ರ ಸೆಪ್ಟೆಂಬರ್ 14ರಂದು ಅವರು ಒಂದು ಕಟ್ಟಡದ ತಾರಸಿಯ ಇಳಿಜಾರು ಮತ್ತು ನೀರು ಹೊರಹೋಗುವ ಕೊಳವೆಗಳ ವರ್ಕಿಂಗ್ ಡ್ರಾಯಿಂಗ್ ಕೊಡುತ್ತಾರೆ. ಕಟ್ಟಡ 2021ರಲ್ಲಿ ಮುಗಿಯುತ್ತದೆ. 2023ರ ಮಾರ್ಚ್ 10ರಂದು ಕ್ಲೈಂಟ್‌ನಿಂದ ಇಮೇಲ್ ಬರುತ್ತದೆ: ಮೇಲ್ಮಹಡಿಯ ಸೀಲಿಂಗ್ ಸೋರುತ್ತಿದೆ, ತಾರಸಿಯ ಇಳಿಜಾರು ಸಾಲದು ಎಂದು ಗುತ್ತಿಗೆದಾರ ಹೇಳುತ್ತಿದ್ದಾನೆ, ಬಂದು ನೋಡಿ. ಆರ್ಕಿಟೆಕ್ಟ್ ಹೋಗಿ ನೋಡುತ್ತಾರೆ, ವಾಟರ್‌ಪ್ರೂಫಿಂಗ್ ಸರಿಯಾಗಿ ಮಾಡಿಲ್ಲ, ಇದು ಗುತ್ತಿಗೆದಾರನ ಹೊಣೆ ಎಂದು ಉತ್ತರ ಬರೆದು ಸುಮ್ಮನಾಗುತ್ತಾರೆ. ವಿಮಾ ಕಂಪನಿಗೆ ಏನೂ ತಿಳಿಸುವುದಿಲ್ಲ.

2023ರ ಜೂನ್ 30ಕ್ಕೆ ಪಾಲಿಸಿ ಮುಗಿಯುತ್ತದೆ. ಎರಡನೆಯ ಕಂಪನಿ ಕಡಿಮೆ ಕಂತಿಗೆ ಅದೇ ಮಿತಿಯ ಪಾಲಿಸಿ ಕೊಡುತ್ತದೆಂದು 2023ರ ಜುಲೈ 1ರಿಂದ ಅಲ್ಲಿಗೆ ಹೋಗುತ್ತಾರೆ. ಹೊಸ ಪಾಲಿಸಿಯ ಶೆಡ್ಯೂಲಿನಲ್ಲಿ, ಅಂದರೆ ಪಾಲಿಸಿಯ ವಿವರ ಬರೆದ ಮೊದಲ ಪುಟಗಳಲ್ಲಿ, ರೆಟ್ರೊ ದಿನಾಂಕ 2023ರ ಜುಲೈ 1. ನವೆಂಬರ್ 20ರಂದು ಲೀಗಲ್ ನೋಟಿಸ್ ಬರುತ್ತದೆ.

ಮೊದಲ ಕಂಪನಿ ಹೇಳುವುದು: ಬೇಡಿಕೆ ಬಂದದ್ದು ನವೆಂಬರಿನಲ್ಲಿ, ನಮ್ಮ ಪಾಲಿಸಿ ಜೂನಿನಲ್ಲೇ ಮುಗಿದಿದೆ, ಮುಗಿಯುವ ಮೊದಲು ನಮಗೆ ಯಾರೂ ಏನೂ ತಿಳಿಸಿಲ್ಲ. ಎರಡನೆಯ ಕಂಪನಿ ಹೇಳುವುದು: ಡ್ರಾಯಿಂಗ್ 2019ರದ್ದು, ನಮ್ಮ ರೆಟ್ರೊ ದಿನಾಂಕ 2023ರದ್ದು. ಮೇಲಾಗಿ ಮಾರ್ಚಿನ ಇಮೇಲ್ ನಿಮ್ಮ ಕೈಯಲ್ಲಿತ್ತು. ಎರಡೂ ಕಂಪನಿಗಳ ಮಾತು ಅವರವರ ಪಾಲಿಸಿಯ ಪ್ರಕಾರ ಸರಿಯೇ.

ಈಗ ಇದನ್ನು ಸರಿಪಡಿಸಿ ನೋಡೋಣ. ಹೊಸ ಪಾಲಿಸಿಯ ರೆಟ್ರೊ ದಿನಾಂಕವನ್ನು 2017ರ ಏಪ್ರಿಲ್ 1 ಎಂದೇ ಬರೆಸಿಕೊಂಡಿದ್ದರು ಅಂದುಕೊಳ್ಳಿ. ಸಾಕಾಗುತ್ತಿತ್ತೇ? ಇಲ್ಲ. ಎರಡನೆಯ ಪ್ರಶ್ನೆ ದಾಟುತ್ತಿತ್ತು, ಮೂರನೆಯದರಲ್ಲಿ ಸಿಕ್ಕಿಬೀಳುತ್ತಿತ್ತು. ಇಮೇಲ್ ಬಗ್ಗೆ ಗೊತ್ತಿದ್ದೂ ಹೊಸ ಕಂಪನಿಗೆ ಹೇಳಿಲ್ಲ. ಇಮೇಲ್ ಬಂದೇ ಇರದಿದ್ದರೆ, ನೇರವಾಗಿ ನವೆಂಬರಿನಲ್ಲಿ ನೋಟಿಸ್ ಬಂದಿದ್ದರೆ, ಆಗ 2017ರ ರೆಟ್ರೊ ದಿನಾಂಕ ಕಾಪಾಡುತ್ತಿತ್ತು. ಇಮೇಲ್ ಬಂದಮೇಲೆ ಉಳಿದ ದಾರಿ ಒಂದೇ: ಜೂನ್ 30ರೊಳಗೆ ಮೊದಲ ಕಂಪನಿಗೆ ಲಿಖಿತವಾಗಿ ತಿಳಿಸುವುದು. ಹಾಗೆ ತಿಳಿಸಿದ್ದರೆ, ಪಾಲಿಸಿಯಲ್ಲಿ ಅದಕ್ಕೆ ಅವಕಾಶ ಕೊಡುವ ಷರತ್ತು ಇದ್ದ ಪಕ್ಷದಲ್ಲಿ, ನೋಟಿಸ್ ನವೆಂಬರಿನಲ್ಲಿ ಬಂದರೂ ಅದು 2022-23ರ ಪಾಲಿಸಿಯಲ್ಲೇ ಬಂದಂತೆ ಲೆಕ್ಕ.

ರೆಟ್ರೊ ದಿನಾಂಕ ಒಂದು ಬೀಗ, ಗೊತ್ತಿದ್ದ ಸಂಗತಿ ಇನ್ನೊಂದು ಬೀಗ, ಒಂದರ ಕೀಲಿ ಇನ್ನೊಂದಕ್ಕೆ ಆಗುವುದಿಲ್ಲ. ಕೆಳಗಿನ ಹಂತಗಳೆಲ್ಲ ಈ ಎರಡನ್ನು ಕ್ರಮವಾಗಿ ನೋಡಿಕೊಳ್ಳುವ ಕೆಲಸ.

## ಹಂತ 1: ದಿನಾಂಕಗಳ ಪಟ್ಟಿ ಮಾಡಿ

ಬ್ರೋಕರ್‌ಗೆ ಫೋನ್ ಮಾಡುವ ಮೊದಲು ಒಂದು ಹಾಳೆಯಲ್ಲಿ ಅಥವಾ ಸ್ಪ್ರೆಡ್‌ಶೀಟಿನಲ್ಲಿ ನಿಮ್ಮ ವೃತ್ತಿಯ ದಿನಾಂಕಗಳನ್ನು ಬರೆದುಕೊಳ್ಳಿ. ಸ್ವಂತ ಹೆಸರಿನಲ್ಲಿ ಶುಲ್ಕ ಪಡೆದು ಮಾಡಿದ ಮೊದಲ ಕೆಲಸದ ದಿನ ಯಾವುದು ಎಂಬುದು ಇದರಲ್ಲಿ ಮುಖ್ಯ. ಕಚೇರಿ ತೆರೆದ ದಿನ ಅಥವಾ ನೋಂದಣಿ ಆದ ದಿನವೇ ಅದಾಗಿರಬೇಕೆಂದಿಲ್ಲ. ನೌಕರಿಯಲ್ಲಿದ್ದಾಗಲೇ ಬಿಡುವಿನಲ್ಲಿ ಪರಿಚಯದವರಿಗೆ ಒಂದು ಮನೆಯ ಪ್ಲಾನ್ ಮಾಡಿಕೊಟ್ಟಿದ್ದರೆ ನಿಮ್ಮ ಸ್ವಂತ ಹೊಣೆ ಅಂದೇ ಶುರುವಾಗಿದೆ. ಆ ಕೆಲಸಕ್ಕೆ ನೌಕರಿ ಕೊಟ್ಟವರ ಪಾಲಿಸಿ ಬರುವುದಿಲ್ಲ.

ಅದರ ಕೆಳಗೆ ಇದುವರೆಗಿನ ಪ್ರತಿ ಪಾಲಿಸಿಯನ್ನೂ ಒಂದೊಂದು ಸಾಲಿನಲ್ಲಿ ಬರೆಯಿರಿ: ಕಂಪನಿ, ಪಾಲಿಸಿ ಸಂಖ್ಯೆ, ಶುರು, ಕೊನೆ, ರೆಟ್ರೊ ದಿನಾಂಕ, ಮಿತಿ, ವಿಮೆ ಮಾಡಿಸಿದವರ ಹೆಸರು. ಒಂದು ಪಾಲಿಸಿಯ ಕೊನೆಗೂ ಮುಂದಿನದರ ಶುರುವಿಗೂ ನಡುವೆ ಒಂದು ದಿನ ಖಾಲಿ ಇದ್ದರೂ ಗುರುತು ಹಾಕಿ. ಹೆಸರಿನ ಅಂಕಣವನ್ನೂ ಎಚ್ಚರದಿಂದ ನೋಡಿ. ಮೊದಲು ವೈಯಕ್ತಿಕ ಹೆಸರಿನಲ್ಲಿ ಕೆಲಸ ಮಾಡಿ ಆಮೇಲೆ ಕಂಪನಿ ಮಾಡಿಕೊಂಡವರಲ್ಲಿ, ಪಾಲಿಸಿ ಕಂಪನಿಯ ಹೆಸರಿಗಷ್ಟೇ ಬದಲಾಗಿರುತ್ತದೆ. ರೆಟ್ರೊ ದಿನಾಂಕ ಹಳೆಯದೇ ಇದ್ದರೂ, ಹಳೆಯ ಕೆಲಸ ಮಾಡಿದ ವ್ಯಕ್ತಿ ಪಾಲಿಸಿಯಲ್ಲಿ ಇಲ್ಲದಿದ್ದರೆ ಪ್ರಯೋಜನವಿಲ್ಲ. ಹಿಂದಿನ ಪ್ರಾಕ್ಟೀಸನ್ನೂ ವಿಮೆಗೆ ಒಳಪಟ್ಟವರಲ್ಲಿ ಸೇರಿಸಲು ಎಂಡಾರ್ಸ್‌ಮೆಂಟ್, ಅಂದರೆ ಪಾಲಿಸಿಗೆ ಲಗತ್ತಿಸುವ ತಿದ್ದುಪಡಿ ಪತ್ರ, ಕೇಳಬೇಕು.

## ಹಂತ 2: ಶೆಡ್ಯೂಲಿನಲ್ಲಿ ರೆಟ್ರೊ ದಿನಾಂಕವನ್ನು ಓದಿ

ಪಾಲಿಸಿ ಪುಸ್ತಕದ ನಲವತ್ತು ಪುಟಕ್ಕಿಂತ ಅದರ ಆರಂಭದ ಒಂದೆರಡು ಪುಟದ ಶೆಡ್ಯೂಲ್ ಮುಖ್ಯ. ಅದರಲ್ಲಿ ರೆಟ್ರೊಆಕ್ಟಿವ್ ಡೇಟ್ ಎಂಬ ಸಾಲು ಇರುತ್ತದೆ. ಅಲ್ಲಿ ಕಾಣುವುದು ಸಾಮಾನ್ಯವಾಗಿ ಮೂರು ಬಗೆ.

ಒಂದು, ನಿರ್ದಿಷ್ಟ ದಿನಾಂಕ. ಇದರಲ್ಲಿ ಗೊಂದಲವಿಲ್ಲ, ಹಂತ 1ರ ಪಟ್ಟಿಯ ಮೊದಲ ಕೆಲಸದ ದಿನಕ್ಕಿಂತ ಅದು ಹಿಂದಿದೆಯೇ ನೋಡಿದರಾಯಿತು. ಎರಡು, ಇನ್‌ಸೆಪ್ಷನ್. ಅಂದರೆ ಪಾಲಿಸಿ ಶುರುವಾದ ದಿನವೇ ಗಡಿ. ಪ್ರಾಕ್ಟೀಸ್ ಅದೇ ದಿನ ಶುರು ಮಾಡಿದವರಿಗೆ ಇದು ಸರಿ, ಉಳಿದವರಿಗೆ ಅಲ್ಲ. ನವೀಕರಣದ ಶೆಡ್ಯೂಲಿನಲ್ಲಿ ಈ ಪದ ಕಂಡರಂತೂ ಕೂಡಲೇ ವಿಚಾರಿಸಿ. ಅದು ಮೊದಲ ಪಾಲಿಸಿಯ ಶುರುವೋ ಈ ವರ್ಷದ ಶುರುವೋ ಎಂಬುದರ ಮೇಲೆ ಇಡೀ ಕವರ್ ನಿಂತಿದೆ. ಪ್ರತಿ ವರ್ಷ ಗಡಿ ಮುಂದೆ ಸರಿಯುತ್ತಿದ್ದರೆ, ನಿಮಗೆ ಸಿಗುವುದು ಆ ಒಂದು ವರ್ಷದಲ್ಲಿ ತಪ್ಪು ಮಾಡಿ ಅದೇ ವರ್ಷದಲ್ಲಿ ಬೇಡಿಕೆಯೂ ಬಂದರೆ ಮಾತ್ರ ಹಣ. ಡ್ರಾಯಿಂಗಿನ ದೋಷ ಅಷ್ಟು ಬೇಗ ಹೊರಬೀಳುವುದು ಅಪರೂಪ.

ಮೂರನೆಯದು ನಿಲ್ ಅಥವಾ ನನ್ ಎಂಬ ಪದ. ಇದು ಅಪಾಯಕಾರಿ, ಏಕೆಂದರೆ ಎರಡು ವಿರುದ್ಧ ಅರ್ಥ ಹೊರಡುತ್ತವೆ. ಗಡಿಯೇ ಇಲ್ಲ, ಎಷ್ಟು ಹಿಂದಿನ ಕೆಲಸವಾದರೂ ಸರಿ ಎಂಬುದು ಒಂದು. ಹಿಂದಿನ ಕೆಲಸಕ್ಕೆ ಕವರ್ ಏನೂ ಇಲ್ಲ ಎಂಬುದು ಇನ್ನೊಂದು. ಹಲವು ಕಡೆ ಮೊದಲನೆಯ ಅರ್ಥದಲ್ಲೇ ಬಳಸುತ್ತಾರೆ, ಆದರೆ ಊಹೆಯ ಮೇಲೆ ನಡೆಯಬೇಡಿ. ಬ್ರೋಕರ್‌ಗೆ ಇಮೇಲ್ ಬರೆದು, ಈ ಪಾಲಿಸಿಗಿಂತ ಹಿಂದಿನ ನನ್ನ ಕೆಲಸಕ್ಕೆ ಕವರ್ ಇದೆಯೇ, ಇದ್ದರೆ ಎಂದಿನಿಂದ ಎಂದು ಕೇಳಿ. ಕಂಪನಿಯಿಂದ ಬಂದ ಉತ್ತರವನ್ನು ಪಾಲಿಸಿ ಜೊತೆ ಇಟ್ಟುಕೊಳ್ಳಿ. ಇದಕ್ಕಿಂತ ಒಳ್ಳೆಯದು, ಶೆಡ್ಯೂಲಿನಲ್ಲೇ ದಿನಾಂಕ ಬರೆದುಕೊಡಿ ಎಂದು ಪಟ್ಟು ಹಿಡಿಯುವುದು.

ಶೆಡ್ಯೂಲಿನಲ್ಲಿ ಕಂಟಿನ್ಯುಯಿಟಿ ಡೇಟ್ ಎಂಬ ಇನ್ನೊಂದು ದಿನಾಂಕವೂ ಇರಬಹುದು. ಅದನ್ನು ರೆಟ್ರೊ ದಿನಾಂಕ ಎಂದುಕೊಳ್ಳಬೇಡಿ. ಮೇಲೆ ಹೇಳಿದ ಮೂರನೆಯ ಪ್ರಶ್ನೆಗೆ ಸಂಬಂಧಿಸಿದ್ದು ಅದು: ಅಂದಿಗೂ ಮೊದಲೇ ಗೊತ್ತಿದ್ದ ಸಂಗತಿಗಳು ಹೊರಗೆ.

## ಹಂತ 3: ಗಡಿ ದಾಟಿ ಹರಡಿದ ಕೆಲಸವನ್ನು ಪ್ರತ್ಯೇಕವಾಗಿ ವಿಚಾರಿಸಿ

ಕೆಲಸ ಒಂದೇ ದಿನ ಮುಗಿಯುವುದಿಲ್ಲ, ಇಲ್ಲೇ ಜಗಳ ಹುಟ್ಟುವುದು. ರೆಟ್ರೊ ದಿನಾಂಕ 2019ರ ಜುಲೈ 1 ಎಂದಿಟ್ಟುಕೊಳ್ಳಿ. ಇಳಿಜಾರಿನ ವಿನ್ಯಾಸ ಮಾಡಿದ್ದು ಅದೇ ವರ್ಷ ಮೇ ತಿಂಗಳಲ್ಲಿ, ಅದನ್ನು ತಿದ್ದದೆ ಹೊಸ ರಿವಿಷನ್ ಸಂಖ್ಯೆ ಹಾಕಿ ಮತ್ತೆ ಕೊಟ್ಟದ್ದು ಸೆಪ್ಟೆಂಬರಿನಲ್ಲಿ. ತಪ್ಪು ನಡೆದದ್ದು ಯಾವಾಗ? ರೆಟ್ರೊ ದಿನಾಂಕಕ್ಕಿಂತ ಹಿಂದಿನ ಕೃತ್ಯದಿಂದ ಹುಟ್ಟಿದ ಕ್ಲೇಮ್ ಹೊರಗೆ ಎಂದು ಪಾಲಿಸಿ ಹೇಳಿದರೆ, ತಪ್ಪಿನ ಮೂಲ ಮೇ ತಿಂಗಳಲ್ಲಿದೆ ಎಂದು ಕಂಪನಿ ವಾದಿಸುತ್ತದೆ. ತಪ್ಪು ಪೂರ್ತಿಯಾಗಿ ರೆಟ್ರೊ ದಿನಾಂಕದ ನಂತರವೇ ನಡೆದಿರಬೇಕು ಎಂಬ ಮಾತಿದ್ದರೆ ನಿಮ್ಮ ಸ್ಥಿತಿ ಇನ್ನೂ ಕಷ್ಟ.

ಅಕೌಂಟೆಂಟ್‌ಗಳಿಗೆ ಇದು ಆರ್ಕಿಟೆಕ್ಟ್‌ಗಳಿಗಿಂತ ಹೆಚ್ಚು ಬಾಧಿಸುತ್ತದೆ. ಬಂಡವಾಳ ವೆಚ್ಚವನ್ನು ಒಮ್ಮೆ ರಿಪೇರಿ ಖರ್ಚು ಎಂದು ಬರೆದರೆ, ಮುಂದಿನ ವರ್ಷವೂ ಹಳೆಯ ಕಡತ ನೋಡಿ ಹಾಗೇ ಬರೆಯುವುದು ವಾಡಿಕೆ. ಮೂರು ವರ್ಷ ಒಂದೇ ತಪ್ಪು, ಮೊದಲನೆಯದು ರೆಟ್ರೊ ದಿನಾಂಕಕ್ಕೆ ಹಿಂದೆ, ಉಳಿದೆರಡು ಮುಂದೆ. ಪಾಲಿಸಿಯಲ್ಲಿ ಪರಸ್ಪರ ಸಂಬಂಧವಿರುವ ತಪ್ಪುಗಳನ್ನೆಲ್ಲ ಒಂದೇ ತಪ್ಪೆಂದು, ಅದೂ ಮೊದಲನೆಯದು ನಡೆದ ದಿನವೇ ನಡೆದದ್ದೆಂದು ಪರಿಗಣಿಸುವ ಷರತ್ತು ಇದ್ದರೆ, ಮೂರೂ ವರ್ಷದ ಕ್ಲೇಮ್ ಹೊರಗೆ ಹೋಗುವ ಸಂಭವವಿದೆ.

ಮಾಡಬೇಕಾದ್ದು ಹೀಗೆ. ರೆಟ್ರೊ ದಿನಾಂಕದಂದು ಅರ್ಧಕ್ಕೆ ನಡೆಯುತ್ತಿದ್ದ ಪ್ರಾಜೆಕ್ಟ್‌ಗಳನ್ನು ಪಟ್ಟಿ ಮಾಡಿ, ದಿನಾಂಕವನ್ನು ಅವುಗಳೆಲ್ಲದರ ಶುರುವಿಗಿಂತ ಹಿಂದಕ್ಕೆ ಒಯ್ಯುವಂತೆ ಕೇಳಿ. ಕಂಪನಿ ಒಪ್ಪದಿದ್ದರೆ ಆ ಪ್ರಾಜೆಕ್ಟ್‌ಗಳ ಹೆಸರು ಹಾಕಿ ಎಂಡಾರ್ಸ್‌ಮೆಂಟ್ ಕೇಳಿ. ಡ್ರಾಯಿಂಗಿನ ಪ್ರತಿ ರಿವಿಷನ್ನಿನಲ್ಲಿ ದಿನಾಂಕ ಮತ್ತು ಏನು ಬದಲಾಯಿತು ಎಂಬ ಟಿಪ್ಪಣಿ ಇರಲಿ, ವರ್ಕಿಂಗ್ ಪೇಪರ್‌ಗಳಿಗೂ ಇದೇ ಮಾತು. ತಪ್ಪು ಯಾವ ದಿನ ನಡೆಯಿತು ಎಂದು ತೋರಿಸಲು ನಿಮ್ಮ ಕೈಯಲ್ಲಿ ಬೇರೆ ದಾಖಲೆ ಇರುವುದಿಲ್ಲ.

## ಹಂತ 4: ಪ್ರಪೋಸಲ್ ಫಾರ್ಮ್ ತುಂಬಿ

ಹಿಂದಿನ ದಿನಾಂಕದ ಕವರ್ ಬೇಕೆಂದು ಕೇಳಿದರೆ ಕಂಪನಿ ಹೆಚ್ಚು ಪ್ರೀಮಿಯಂ ಕೇಳಬಹುದು, ಜೊತೆಗೆ ನನಗೆ ತಿಳಿದಂತೆ ಯಾವ ಕ್ಲೇಮೂ ಇಲ್ಲ, ಕ್ಲೇಮ್ ಹುಟ್ಟಿಸಬಹುದಾದ ಸಂದರ್ಭವೂ ಇಲ್ಲ ಎಂದು ಸಹಿ ಮಾಡಿದ ಹೇಳಿಕೆಯನ್ನಂತೂ ಕೇಳುತ್ತದೆ. ಈ ಒಂದು ಸಾಲಿಗೆ ಯೋಚಿಸದೆ ಇಲ್ಲ ಎಂದು ಟಿಕ್ ಮಾಡುವುದೇ ದೊಡ್ಡ ತಪ್ಪು.

ಸಹಿ ಮಾಡುವ ಮೊದಲು ಇಮೇಲ್, ವಾಟ್ಸಾಪ್ ಎರಡನ್ನೂ ಹುಡುಕಿ. ಸೋರಿಕೆ, ಬಿರುಕು, ನಷ್ಟ, ದಂಡ, ನಿಮ್ಮಿಂದಾಗಿ, ಯಾರು ಕೊಡುತ್ತಾರೆ ಎಂಬಂಥ ಪದಗಳನ್ನು ಹಾಕಿ ನೋಡಿದರೆ ಮರೆತುಹೋದ ಪತ್ರಗಳು ಮೇಲೆ ಬರುತ್ತವೆ. ಶುಲ್ಕ ಕೊಡದೆ ತಡೆಹಿಡಿದ ಕ್ಲೈಂಟ್‌ಗಳನ್ನು ಬೇರೆಯಾಗಿ ನೋಡಿ. ಬಾಕಿ ಕೇಳಿದಾಗ ನಿಮ್ಮ ಕೆಲಸವೇ ಸರಿಯಿಲ್ಲ ಎಂದು ಬರೆದಿದ್ದರೆ ಅದು ಬರೀ ಹಣದ ಜಗಳವಲ್ಲ. ಹೀಗೆ ಸಿಕ್ಕಿದ್ದನ್ನು ಹೊಸ ಫಾರ್ಮಿನಲ್ಲಿ ಬರೆಯಬೇಕು, ಅದಕ್ಕೂ ಮೊದಲು ಈಗಿನ ಪಾಲಿಸಿಯ ಕಂಪನಿಗೆ ತಿಳಿಸಬೇಕು. ಹೊಸಬರಿಗೆ ಹೇಳಿ ಹಳಬರಿಗೆ ಹೇಳದಿದ್ದರೆ ಹೊಸ ಕಂಪನಿ ಆ ವಿಷಯವನ್ನು ಹೊರಗಿಡುತ್ತದೆ, ಹಳೆಯದು ಮುಗಿದುಹೋಗುತ್ತದೆ. ನಡುವೆ ಉಳಿಯುವವರು ನೀವು.

ಫಾರ್ಮಿನಲ್ಲಿ ಕೆಲಸದ ವಿವರಣೆಯೂ ಇರುತ್ತದೆ. ಆರ್ಕಿಟೆಕ್ಟ್ ಸೈಟ್ ಮೇಲ್ವಿಚಾರಣೆ, ಇಂಟೀರಿಯರ್, ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಮಾಡುತ್ತಿದ್ದರೆ ಹೆಸರಿಸಲಿ. ಅಕೌಂಟೆಂಟ್ ಹೂಡಿಕೆ ಸಲಹೆ ಕೊಡುತ್ತಿದ್ದರೆ ಸಾಮಾನ್ಯ ಪಾಲಿಸಿಯಲ್ಲಿ ಅದು ಹೊರಗಿರುವುದೇ ಹೆಚ್ಚು. ಬರೆಯದ ಕೆಲಸಕ್ಕೆ ರೆಟ್ರೊ ದಿನಾಂಕ ಎಷ್ಟು ಹಿಂದಿದ್ದರೂ ಲಾಭವಿಲ್ಲ.

## ಹಂತ 5: ಮಿತಿಯನ್ನು ಲೆಕ್ಕ ಹಾಕಿ

ಮಿತಿ ಪ್ರತಿ ಕ್ಲೇಮಿಗೋ, ಇಡೀ ವರ್ಷದ ಎಲ್ಲ ಕ್ಲೇಮ್‌ಗಳಿಗೆ ಸೇರಿ ಒಟ್ಟೋ ಎಂಬುದನ್ನು ಮೊದಲು ನೋಡಿ. ಆಮೇಲೆ ವಕೀಲರ, ತಜ್ಞರ ಖರ್ಚು ಮಿತಿಯ ಒಳಗೋ ಹೊರಗೋ ನೋಡಿ. ಮೇಲಿನ ತಾರಸಿಯ ಪ್ರಕರಣದಲ್ಲಿ ಕವರ್ ಇತ್ತು, ಮಿತಿ 25 ಲಕ್ಷ, ನೀವೇ ಹೊರಬೇಕಾದ ಪಾಲು ಅಂದರೆ ಎಕ್ಸೆಸ್ 1 ಲಕ್ಷ, ತೀರ್ಪಾದ ಪರಿಹಾರ 22 ಲಕ್ಷ, ವಕೀಲರ ಖರ್ಚು 5 ಲಕ್ಷ ಎಂದುಕೊಳ್ಳಿ. ಖರ್ಚು ಮಿತಿಯ ಒಳಗಿದ್ದರೆ ಒಟ್ಟು 27 ಲಕ್ಷದಲ್ಲಿ ಎಕ್ಸೆಸ್ ಕಳೆದು 26 ಉಳಿಯುತ್ತದೆ, ಕಂಪನಿ 25ಕ್ಕೆ ನಿಲ್ಲುತ್ತದೆ, ನಿಮ್ಮ ಪಾಲಿಗೆ 2 ಲಕ್ಷ. ಖರ್ಚು ಮಿತಿಯ ಹೊರಗಿದ್ದು ಎಕ್ಸೆಸ್ ಪರಿಹಾರಕ್ಕೆ ಮಾತ್ರ ಅನ್ವಯಿಸಿದರೆ ಕಂಪನಿ 21 ಮತ್ತು 5, ಒಟ್ಟು 26 ಲಕ್ಷ ಕೊಡುತ್ತದೆ, ನಿಮ್ಮದು 1 ಲಕ್ಷ. ಕೇಸು ವರ್ಷಗಟ್ಟಲೆ ಎಳೆದರೆ ಈ ಅಂತರ ಬೆಳೆಯುತ್ತ ಹೋಗುತ್ತದೆ.

ದಿನಾಂಕಕ್ಕೆ ಸಂಬಂಧಿಸಿದ ಒಂದು ಸೂಕ್ಷ್ಮ ಇಲ್ಲೂ ಇದೆ. 2024ರಲ್ಲಿ ಮಿತಿಯನ್ನು 25ರಿಂದ 50 ಲಕ್ಷಕ್ಕೆ ಏರಿಸಿದರೆ, ಏರಿಸಿದ 25 ಲಕ್ಷಕ್ಕೆ ಕಂಪನಿ 2024ರ ರೆಟ್ರೊ ದಿನಾಂಕ ಹಾಕಬಹುದು. ಹಳೆಯ ಕೆಲಸಕ್ಕೆ ಹಳೆಯ ಮಿತಿಯೇ. ಏರಿಸುವಾಗ ಪೂರ್ತಿ 50 ಲಕ್ಷಕ್ಕೂ ಮೂಲ ರೆಟ್ರೊ ದಿನಾಂಕ ಇದೆಯೇ ಎಂದು ಕೇಳಿ ಬರೆಸಿಕೊಳ್ಳಿ.

## ಹಂತ 6: ಕಂಪನಿ ಬದಲಾಯಿಸುವಾಗ ಈ ಕ್ರಮ ತಪ್ಪಿಸಬೇಡಿ

ನವೀಕರಣಕ್ಕೆ ಆರು ವಾರ ಮೊದಲೇ ಶುರು ಮಾಡಿ. ಕೊನೆಯ ವಾರಕ್ಕೆ ಬಿಟ್ಟರೆ ಸಿಕ್ಕ ಶೆಡ್ಯೂಲಿಗೆ ಒಪ್ಪುವುದೊಂದೇ ಉಳಿಯುತ್ತದೆ.

1. ಹಂತ 4ರಲ್ಲಿ ಹೇಳಿದಂತೆ ಪತ್ರಗಳನ್ನು ಹುಡುಕಿ, ಅನುಮಾನ ಇರುವುದನ್ನೆಲ್ಲ ಈಗಿನ ಕಂಪನಿಗೆ ತಿಳಿಸಿ, ತಲುಪಿದೆ ಎಂಬ ಉತ್ತರ ಪಡೆಯಿರಿ.
2. ಹೊಸ ಕಂಪನಿಯಿಂದ ಕೊಟೇಶನ್ ಕೇಳುವಾಗಲೇ ಈಗಿನ ಶೆಡ್ಯೂಲಿನ ಪ್ರತಿ ಕಳಿಸಿ, ಮುಗಿಯುತ್ತಿರುವ ಪಾಲಿಸಿಯ ರೆಟ್ರೊ ದಿನಾಂಕವನ್ನೇ ಮುಂದುವರಿಸಬೇಕು ಎಂದು ಬರೆಯಿರಿ.
3. ಕೊಟೇಶನ್ ಅಲ್ಲ, ಹೊರಡಿಸಿದ ಶೆಡ್ಯೂಲನ್ನೇ ನೋಡಿ. ಕೊಟೇಶನ್ನಿನಲ್ಲಿ ಸರಿಯಿದ್ದ ದಿನಾಂಕ ಅಂತಿಮ ಶೆಡ್ಯೂಲಿನಲ್ಲಿ ಇನ್‌ಸೆಪ್ಷನ್ ಆಗಿ ಬಂದರೆ ಆ ದಿನವೇ ತಿದ್ದಿಸಿ.
4. ಹೊಸದು ಕೈಗೆ ಬರುವವರೆಗೆ ಹಳೆಯದನ್ನು ಬಿಡಬೇಡಿ. ಶುರು ಮತ್ತು ಕೊನೆಯ ಗಂಟೆಯನ್ನೂ ಹೊಂದಿಸಿ ನೋಡಿ, ಒಂದು ಮಧ್ಯರಾತ್ರಿಗೆ ಮುಗಿದು ಇನ್ನೊಂದು ಮಧ್ಯಾಹ್ನ ಶುರುವಾಗುವುದುಂಟು.

ಕಂತು ತುಂಬಾ ಕಡಿಮೆ ಎಂದರೆ ಮೊದಲು ರೆಟ್ರೊ ದಿನಾಂಕದ ಸಾಲಿಗೇ ಕಣ್ಣು ಹಾಯಿಸಿ. ಹಿಂದಿನ ವರ್ಷಗಳ ಹೊರೆ ಹೊರದ ಪಾಲಿಸಿ ಅಗ್ಗವಾಗಿರುವುದು ಸಹಜ. ಅದನ್ನು ಹಳೆಯ ಕಂತಿನ ಜೊತೆ ಹೋಲಿಸುವುದರಲ್ಲಿ ಅರ್ಥವಿಲ್ಲ, ಎರಡೂ ಬೇರೆ ಬೇರೆ ಸರಕು. ನವೀಕರಣ ತಪ್ಪಿಹೋಗಿ ನಡುವೆ ಖಾಲಿ ಬಿದ್ದಿದ್ದರೆ, ಆ ಖಾಲಿ ದಿನಗಳಲ್ಲಿ ಬಂದ ಬೇಡಿಕೆಗೆ ಯಾವ ಪಾಲಿಸಿಯೂ ಇಲ್ಲ. ಹೊಸ ಪಾಲಿಸಿಗೆ ಹಳೆಯ ರೆಟ್ರೊ ದಿನಾಂಕ ತಾನಾಗಿ ಬರುವುದೂ ಇಲ್ಲ, ಮತ್ತೆ ಕೇಳಿ ಪಡೆಯಬೇಕು.

## ಹಂತ 7: ಸಂಶಯದ ಪತ್ರ ಬಂದ ದಿನ

ಕ್ಲೇಮ್ ಅಂದರೆ ಕೋರ್ಟಿನ ಸಮನ್ಸ್ ಮಾತ್ರ ಅಂದುಕೊಂಡವರೇ ಹೆಚ್ಚು. ಸಾಮಾನ್ಯವಾಗಿ ಪರಿಹಾರ ಕೇಳುವ ಯಾವುದೇ ಲಿಖಿತ ಬೇಡಿಕೆ ಕ್ಲೇಮ್ ಆಗುತ್ತದೆ, ವಕೀಲರೇ ಬರೆಯಬೇಕೆಂದಿಲ್ಲ. ಬೇಡಿಕೆ ಇನ್ನೂ ಬಂದಿಲ್ಲ, ಆದರೆ ಬರಬಹುದು ಎನಿಸುವಂಥದ್ದನ್ನು ಪಾಲಿಸಿಗಳು ಸಂದರ್ಭ ಎನ್ನುತ್ತವೆ. ಹಲವು ಪಾಲಿಸಿಗಳು ಅವಧಿಯೊಳಗೆ ತಿಳಿಸಿದ ಸಂದರ್ಭದಿಂದ ಮುಂದೆ ಹುಟ್ಟುವ ಕ್ಲೇಮನ್ನು ಅದೇ ಅವಧಿಗೆ ಸೇರಿಸುತ್ತವೆ. ಈ ಷರತ್ತು ನಿಮ್ಮ ಪಾಲಿಸಿಯಲ್ಲಿ ಇದೆಯೇ ಎಂದು ಕೊಳ್ಳುವಾಗಲೇ ನೋಡಿ. ಇಲ್ಲದ ಪಾಲಿಸಿಯಲ್ಲಿ ಮಾರ್ಚಿನ ಇಮೇಲನ್ನು ಎಷ್ಟು ಬೇಗ ತಿಳಿಸಿದರೂ ನವೆಂಬರಿನ ನೋಟಿಸಿಗೆ ರಕ್ಷಣೆ ಸಿಗುವ ಖಾತರಿಯಿಲ್ಲ.

ಅಕೌಂಟೆಂಟ್‌ಗೆ ಸಂದರ್ಭ ಬರುವುದು ಸದ್ದಿಲ್ಲದೆ. ತೆರಿಗೆ ಇಲಾಖೆಯ ನೋಟಿಸ್ ಕ್ಲೈಂಟ್ ಹೆಸರಿಗೆ ಬರುತ್ತದೆ, ಕ್ಲೈಂಟ್ ನಿಮಗೆ ಫಾರ್ವರ್ಡ್ ಮಾಡಿ ಇದಕ್ಕೆ ಉತ್ತರ ತಯಾರಿಸಿ ಅನ್ನುತ್ತಾರೆ. ನಿಮ್ಮ ಮೇಲೆ ಒಂದು ಮಾತೂ ಇಲ್ಲ. ಆದರೆ ನೋಟಿಸ್ ಎತ್ತಿ ತೋರಿಸಿರುವುದು ನೀವೇ ಮಾಡಿದ ನಮೂದನ್ನು. ಇದು ತಿಳಿಸಬೇಕಾದ ಸಂದರ್ಭವೇ.

ತಿಳಿಸುವ ಪತ್ರ ಅಸ್ಪಷ್ಟವಾಗಿದ್ದರೆ ಕಂಪನಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೇ ಹೋಗಬಹುದು. ಹಲವು ಕೆಲಸಗಳಲ್ಲಿ ಸಮಸ್ಯೆ ಬರಬಹುದು ಎಂಬ ಒಂದು ಸಾಲು ಸಾಲದು. ತಾರಸಿಯ ಪ್ರಕರಣದಲ್ಲಿ ಮಾರ್ಚ್ 10ರ ನಂತರ ಹೋಗಬೇಕಿದ್ದ ಪತ್ರ ಸುಮಾರು ಹೀಗಿರುತ್ತಿತ್ತು:

"ಪಾಲಿಸಿ ಸಂಖ್ಯೆ ಇಂಥದ್ದು, ಅವಧಿ 2022ರ ಜುಲೈ 1ರಿಂದ 2023ರ ಜೂನ್ 30. ಕ್ಲೇಮಿಗೆ ಕಾರಣವಾಗಬಹುದಾದ ಸಂದರ್ಭವೊಂದನ್ನು ಈ ಮೂಲಕ ತಿಳಿಸುತ್ತಿದ್ದೇನೆ. ಇಂಥ ವಿಳಾಸದ ಕಟ್ಟಡದ ತಾರಸಿಯ ಡ್ರಾಯಿಂಗನ್ನು 2019ರ ಸೆಪ್ಟೆಂಬರ್ 14ರಂದು ಕೊಟ್ಟಿದ್ದೆ. ಮೇಲ್ಮಹಡಿ ಸೋರುತ್ತಿದೆ, ಇಳಿಜಾರು ಸಾಲದು ಎಂಬ ಆಕ್ಷೇಪ ಇದೆ ಎಂದು ಕ್ಲೈಂಟ್ 2023ರ ಮಾರ್ಚ್ 10ರಂದು ಬರೆದಿದ್ದಾರೆ. ಮೊತ್ತ ಇನ್ನೂ ಕೇಳಿಲ್ಲ. ಕ್ಲೈಂಟ್ ಮತ್ತು ಗುತ್ತಿಗೆದಾರರಿಂದ ಬೇಡಿಕೆ ಬರುವ ಸಂಭವವಿದೆ. ಇಮೇಲ್, ಡ್ರಾಯಿಂಗ್, ಫೋಟೋ ಲಗತ್ತಿಸಿದೆ. ತಲುಪಿದ್ದಕ್ಕೆ ಉತ್ತರ ಕೊಡಿ."

ತಪ್ಪು ನಿಮ್ಮದು ಎಂದು ಇದರಲ್ಲಿ ಎಲ್ಲೂ ಒಪ್ಪಿಕೊಂಡಿಲ್ಲ ಎಂಬುದನ್ನು ಗಮನಿಸಿ. ಕ್ಲೈಂಟ್‌ಗೆ ಬರೆಯುವಾಗಲೂ ಹಾಗೆಯೇ. ನೋಡಿಕೊಳ್ಳುತ್ತೇನೆ, ರಿಪೇರಿಯ ಅರ್ಧ ನಾನೇ ಹಾಕುತ್ತೇನೆ ಎಂದು ಸಂಬಂಧ ಉಳಿಸಿಕೊಳ್ಳಲು ಹೇಳುವ ಮಾತು ಬಹುತೇಕ ಪಾಲಿಸಿಗಳ ಷರತ್ತಿಗೆ ವಿರುದ್ಧ. ಕಂಪನಿಯ ಒಪ್ಪಿಗೆ ಇಲ್ಲದೆ ಹೊಣೆ ಒಪ್ಪಬಾರದು, ಹಣ ಕೊಡಬಾರದು. ನಿಮ್ಮ ಪತ್ರ ಸಿಕ್ಕಿದೆ, ಪರಿಶೀಲಿಸಿ ಉತ್ತರಿಸುತ್ತೇನೆ ಎಂಬಷ್ಟಕ್ಕೆ ನಿಲ್ಲಿಸಿ. ಸೈಟಿಗೆ ಹೋಗಿ ನೋಡುವುದು, ಫೋಟೋ ತೆಗೆಯುವುದು, ಸೋರಿಕೆ ಹೆಚ್ಚಾಗದಂತೆ ತಾತ್ಕಾಲಿಕ ಕ್ರಮ ಸೂಚಿಸುವುದು ಬೇರೆ ಮಾತು. ಅದರಿಂದ ಹೊಣೆ ಒಪ್ಪಿದಂತಾಗದ ಹಾಗೆ ಮಾತುಗಳನ್ನು ಆರಿಸಿಕೊಂಡರೆ ಸಾಕು.

ಪತ್ರವನ್ನು ಪಾಲಿಸಿಯಲ್ಲಿ ಹೇಳಿದ ವಿಳಾಸಕ್ಕೇ ಕಳಿಸಿ. ಬ್ರೋಕರ್‌ಗೆ ಫೋನಿನಲ್ಲಿ ಹೇಳಿದ್ದು ಕಂಪನಿಗೆ ತಿಳಿಸಿದಂತೆ ಆಗಬೇಕೆಂದಿಲ್ಲ.

## ಹಂತ 8: ಪ್ರಾಕ್ಟೀಸ್ ನಿಲ್ಲಿಸುವಾಗ

ಕ್ಲೇಮ್ಸ್ ಮೇಡ್ ಪಾಲಿಸಿಯಲ್ಲಿ ಕಂತು ಕಟ್ಟುವುದು ನಿಲ್ಲಿಸಿದರೆ, ಅಷ್ಟು ವರ್ಷ ಕಟ್ಟಿದ ಪಾಲಿಸಿಗಳು ಆಮೇಲೆ ಬರುವ ಹೊಸ ಬೇಡಿಕೆಗೆ ಕೆಲಸಕ್ಕೆ ಬರುವುದಿಲ್ಲ. ಕೆಲಸ ನಿಲ್ಲಿಸಿದ ಮೂರು ವರ್ಷದ ಮೇಲೆ ನೋಟಿಸ್ ಬಂದರೆ ಉತ್ತರಿಸಲು ಆ ದಿನ ಒಂದು ಪಾಲಿಸಿ ಚಾಲ್ತಿಯಲ್ಲಿರಲೇಬೇಕು. ಇದಕ್ಕಾಗಿ ಇರುವುದು ರನ್ ಆಫ್ ಕವರ್, ಕೆಲವು ಕಡೆ ವಿಸ್ತರಿತ ವರದಿ ಅವಧಿ. ಹೊಸ ಕೆಲಸಕ್ಕೆ ಇದು ಅನ್ವಯಿಸುವುದಿಲ್ಲ. ರೆಟ್ರೊ ದಿನಾಂಕದಿಂದ ನೀವು ಕೆಲಸ ನಿಲ್ಲಿಸಿದ ದಿನದವರೆಗೆ ಮಾಡಿದ ಕೆಲಸದ ಬಗ್ಗೆ ಮುಂದೆ ಬರುವ ಬೇಡಿಕೆಗಳಿಗೆ ಮಾತ್ರ.

ಪಾಲಿಸಿಯಲ್ಲಿ ಪುಕ್ಕಟೆ ಸಿಗುವ ವರದಿ ಅವಧಿ 30, 60 ಅಥವಾ 90 ದಿನಗಳದ್ದಾಗಿರಬಹುದು. ಅದನ್ನು ನೆಚ್ಚಿಕೊಂಡು ಕೂರಬೇಡಿ, ಕಟ್ಟಡದ ದೋಷ ತೊಂಬತ್ತು ದಿನದೊಳಗೇ ಹೊರಬೀಳಬೇಕೆಂದಿಲ್ಲ. ಎಷ್ಟು ವರ್ಷ ಕೊಳ್ಳಬೇಕು ಎಂಬುದು ನಿಮ್ಮಲ್ಲಿ ದಾವೆ ಹೂಡಲು ಕಾನೂನು ಕೊಡುವ ಕಾಲಮಿತಿಯ ಮೇಲೆ ನಿಂತಿದೆ. ಆ ಮಿತಿ ಕೆಲವು ಕಡೆ ತಪ್ಪು ನಡೆದ ದಿನದಿಂದ, ಕೆಲವು ಕಡೆ ತಪ್ಪು ಗೊತ್ತಾದ ದಿನದಿಂದ ಎಣಿಕೆಯಾಗುತ್ತದೆ, ಇದನ್ನು ವಕೀಲರಿಂದಲೇ ತಿಳಿಯಿರಿ. ಕ್ಲೈಂಟ್ ಒಪ್ಪಂದದಲ್ಲಿ ಕೆಲಸ ಮುಗಿದ ಇಂತಿಷ್ಟು ವರ್ಷ ಪಾಲಿಸಿ ಇಟ್ಟಿರುತ್ತೇನೆ ಎಂದು ಸಹಿ ಮಾಡಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹಲವು ವರ್ಷಕ್ಕೆ ಒಟ್ಟಿಗೆ ಕೊಂಡ ರನ್ ಆಫ್‌ನಲ್ಲಿ ಒಂದೇ ಮಿತಿ ಎಲ್ಲ ವರ್ಷಗಳಿಗೂ ಹಂಚಿಕೆಯಾಗುವುದು ಸಾಮಾನ್ಯ. ಮೊದಲ ವರ್ಷವೇ 20 ಲಕ್ಷದ ಕ್ಲೇಮ್ ಹೋದರೆ 25 ಲಕ್ಷದಲ್ಲಿ ಉಳಿದ ವರ್ಷಗಳಿಗೆ 5 ಲಕ್ಷವೇ. ಮಿತಿ ವರ್ಷವರ್ಷವೂ ಹೊಸದಾಗುತ್ತದೆಯೇ ಎಂದು ಕೇಳಿ. ರನ್ ಆಫ್ ಆಯ್ಕೆಯನ್ನು ಪಾಲಿಸಿ ಮುಗಿದ ಇಷ್ಟು ದಿನದೊಳಗೆ ಕೇಳಬೇಕೆಂಬ ಗಡುವೂ ಇರುತ್ತದೆ. ಹಾಗಾಗಿ ಕೊನೆಯ ನವೀಕರಣದ ಹೊತ್ತಿಗೇ ಆ ಗಡುವು ಮತ್ತು ಬೆಲೆ ಎರಡನ್ನೂ ಲಿಖಿತವಾಗಿ ಪಡೆದುಕೊಂಡಿರಿ. ನೌಕರಿಗೆ ಮರಳುವವರಿಗೂ ಇದು ಅನ್ವಯ: ಹೊಸ ಸಂಸ್ಥೆಯ ಪಾಲಿಸಿ ನೀವು ಅಲ್ಲಿ ಮಾಡುವ ಕೆಲಸಕ್ಕಷ್ಟೇ, ಹಿಂದಿನ ಸ್ವಂತ ಪ್ರಾಕ್ಟೀಸಿನ ಡ್ರಾಯಿಂಗ್‌ಗಳಿಗೆ ಅಲ್ಲ.